ಆ 60 ಪರ್ಸೆಂಟ್‌ನಲ್ಲಿ ನಿಮ್ಮದೆಷ್ಟು? ಸೆಲ್ಫ್ ಅಪ್ರೈಸಲ್ ಬರೆಯೋಕಾಗದೆ ಬಂದವರ ಪ್ರಕರಣ

ಗುರುತು ಸಿಗದ ಹಾಗೆ ಕೆಲಸದ ವಿವರ, ಅಂಕಿಗಳನ್ನ ಬದಲಾಯಿಸಿದೀನಿ, ಬರೆಯೋಕೆ ಅವರ ಒಪ್ಪಿಗೆನೂ ಇದೆ.

ನನ್ನ ಹತ್ರ ಬಂದವರು ಕಸ್ಟಮರ್ ಸಪೋರ್ಟ್ ಟೀಮಲ್ಲಿ ಸೀನಿಯರ್. ವರ್ಷದ ಸೆಲ್ಫ್ ಅಪ್ರೈಸಲ್ ಫಾರ್ಮ್ ಕೊಡೋಕೆ ಒಂದು ವಾರ ಬಾಕಿ ಇತ್ತು, ರಾತ್ರಿ ನಿದ್ದೆ ಬರ್ತಿಲ್ಲ ಅಂತ ಬಂದಿದ್ರು. ಕೈಯಲ್ಲಿ ಎರಡು ಡ್ರಾಫ್ಟ್. ಮೊದಲನೇದರಲ್ಲಿ ನಾಲ್ಕೇ ಸಾಲು, "ಟೀಮಿನ ಜೊತೆ ಸೇರಿ ದೂರುಗಳನ್ನು ಬಗೆಹರಿಸಲು ಸಹಾಯ ಮಾಡಿದ್ದೇನೆ" ಅನ್ನೋ ಥರದ್ದು. ಅದನ್ನ ನೋಡಿದ ಸ್ನೇಹಿತರೊಬ್ಬರು ಹೀಗೆಲ್ಲ ಬರೆದ್ರೆ ಯಾರೂ ಕೇರ್ ಮಾಡಲ್ಲ ಅಂತ ಕೂತು ತಿದ್ದಿಕೊಟ್ಟಿದ್ದು ಎರಡನೇದು, ಅದರ ಮೊದಲ ಸಾಲೇ "ನನ್ನ ನಾಯಕತ್ವದಲ್ಲಿ ಬಾಕಿ ದೂರುಗಳು 60% ಕಡಿಮೆಯಾದವು".

"ಮೇಡಂ, ಮೊದಲನೇದು ಕೊಟ್ರೆ ನಾನೇನೂ ಮಾಡಿಲ್ಲ ಅನ್ನೋ ಹಾಗಿದೆ, ಎರಡನೇದು ಕೊಟ್ರೆ ಸುಳ್ಳು ಹೇಳಿದ ಹಾಗಿದೆ" ಅಂದ್ರು. ಹಿಂದಿನ ವರ್ಷ ಮ್ಯಾನೇಜರ್ "ನೀವು ಏನು ಮಾಡಿದ್ರಿ ಅಂತ ಇದ್ರಲ್ಲಿ ಕಾಣ್ತಿಲ್ಲ" ಅಂದಿದ್ರಂತೆ. ಅದು ಫಾರ್ಮ್ ಬಗ್ಗೆ ಹೇಳಿದ ಮಾತು, ಇವರು ತಮ್ಮ ಬಗ್ಗೆ ಅಂತ ತಗೊಂಡು ವರ್ಷಪೂರ್ತಿ ಹೊತ್ಕೊಂಡಿದ್ರು. ಮೊದಲ ಸಲ ಅದನ್ನೇ ಬಹಳ ಹೊತ್ತು ಮಾತಾಡಿದ್ವಿ. ಆಮೇಲೆ ನಾನು ಕೇಳಿದ್ದು ಒಂದೇ ಪ್ರಶ್ನೆ, ಆ 60 ಪರ್ಸೆಂಟ್‌ನಲ್ಲಿ ನಿಮ್ಮದೆಷ್ಟು, ಅದು ನಿಮಗೆ ಹೇಗೆ ಗೊತ್ತು?

ಉತ್ತರ ಇರಲಿಲ್ಲ. ಹಾಗಾಗಿ ಮುಂದಿನ ಭೇಟಿಗೆ ತಿಂಗಳ ರಿಪೋರ್ಟಿನ ಮೊತ್ತಗಳನ್ನ ಮಾತ್ರ ಬರ್ಕೊಂಡು ಬನ್ನಿ ಅಂದೆ. ಇಲ್ಲೊಂದು ಮಾತು: ಅವರ ಫೋನಲ್ಲಿ ಗ್ರಾಹಕರ ಹೆಸರು, ನಂಬರ್ ಎಲ್ಲ ಕಾಣೋ ಸ್ಕ್ರೀನ್‌ಶಾಟ್‌ಗಳಿದ್ವು, ಸಾಕ್ಷಿ ಅಂತ ತೆಗೆದಿಟ್ಕೊಂಡಿದ್ರು. ಅವನ್ನ ನಾನು ನೋಡಲ್ಲ, ದಯವಿಟ್ಟು ಡಿಲೀಟ್ ಮಾಡಿ ಅಂದೆ. ಫಾರ್ಮಲ್ಲಿ ಯಾವ ರಿಪೋರ್ಟ್, ಯಾವ ತಿಂಗಳು ಅಂತ ಬರೆದ್ರೆ ಸಾಕು, ಬೇಕಾದವರು ಆಫೀಸಿನ ಸಿಸ್ಟಮಲ್ಲೇ ತೆಗೆದು ನೋಡ್ತಾರೆ.

ಅಂಕಿಗಳು ಹೀಗಿದ್ವು. ವರ್ಷದ ಶುರುವಲ್ಲಿ ಬಾಕಿ 400, ಕೊನೆಗೆ 160. ಅಂದ್ರೆ 60% ಇಳಿದಿದ್ದು ನಿಜಾನೇ. ಆದ್ರೆ ದೂರಿನ ಬಗೆ ಪ್ರಕಾರ ಬಿಡಿಸಿ ನೋಡಿದಾಗ ಲಾಗಿನ್ ದೂರುಗಳು 140ರಿಂದ 40ಕ್ಕೆ ಇಳಿದಿದ್ವು, ಅದು ಡೆವಲಪ್‌ಮೆಂಟ್ ಟೀಮಿನವರು ಆ್ಯಪ್‌ನಲ್ಲಿದ್ದ ಒಂದು ತಪ್ಪು ಸರಿ ಮಾಡಿದ್ದಕ್ಕೆ, ಇವರಿಗೂ ಅದಕ್ಕೂ ಸಂಬಂಧ ಇಲ್ಲ. ಬಿಲ್ ದೂರುಗಳು 180ರಿಂದ 50ಕ್ಕೆ ಬಂದಿದ್ವು. ಮಿಕ್ಕಿದ್ದು 80 ಇದ್ದಿದ್ದು 70, ಹೆಚ್ಚುಕಮ್ಮಿ ಹಾಗೇ ಇದೆ.

ಇವರ ಕೆಲಸ ಇದ್ದಿದ್ದು ಬಿಲ್ ದೂರಲ್ಲಿ. ಒಂದೊಂದು ದೂರಿಗೂ ಮೂರ್ನಾಲ್ಕು ಸಲ ಗ್ರಾಹಕರಿಗೆ ವಾಪಸ್ ಬರೆದು ಬಿಲ್ ನಂಬರ್ ಕೊಡಿ, ತಾರೀಕು ಕೊಡಿ ಅಂತ ಕೇಳ್ತಿದ್ರು, ಅದಕ್ಕೇ ದಿನಗಟ್ಲೆ ಹೋಗ್ತಿತ್ತು. ಬೇಕಾದ್ದನ್ನೆಲ್ಲ ಮೊದಲ ಉತ್ತರದಲ್ಲೇ ಕೇಳೋ ಹಾಗೆ ಒಂದು ಚೆಕ್‌ಲಿಸ್ಟ್ ಮಾಡಿ ಜುಲೈನಲ್ಲಿ ಟೀಮಿಗೆ ಕೊಟ್ಟಿದ್ರು, ಇದನ್ನ ಎರಡೂ ಡ್ರಾಫ್ಟಲ್ಲಿ ಬರೆದೇ ಇರಲಿಲ್ಲ! ವರ್ಷದಲ್ಲಿ ಮಾಡಿದ ಅತಿ ಒಳ್ಳೆ ಕೆಲಸ, ಅದು ಮಾತ್ರ ಇಲ್ಲ. ಇದನ್ನ ನಾನು ತುಂಬಾ ಜನರಲ್ಲಿ ನೋಡ್ತೀನಿ, ದೊಡ್ಡ ನಂಬರ್ ಹುಡುಕೋ ಭರದಲ್ಲಿ ಕೈಯಾರೆ ಮಾಡಿದ್ದು ಬಿಟ್ಟುಹೋಗುತ್ತೆ.

ಆದ್ರೆ 180ರಿಂದ 50 ಪೂರ್ತಿ ಚೆಕ್‌ಲಿಸ್ಟಿಂದಾನಾ? ಅದನ್ನೂ ಕೇಳ್ಕೋಬೇಕು. ತಿಂಗಳವಾರು ನೋಡಿದ್ರೆ ಜೂನ್ ಕೊನೆವರೆಗೂ 180ರ ಆಸುಪಾಸಲ್ಲೇ ಇತ್ತು, ಸೆಪ್ಟೆಂಬರ್ ಕೊನೆಗೆ 90, ಅಕ್ಟೋಬರಲ್ಲಿ ಟೀಮಿಗೆ ಹೊಸಬರೊಬ್ಬರು ಸೇರಿದ್ರು, ಆಮೇಲೆ 50. ಹಾಗಾಗಿ 90ರವರೆಗೆ ಇಳಿದಿದ್ದನ್ನ ಚೆಕ್‌ಲಿಸ್ಟ್ ಜೊತೆ ಸೇರಿಸಿ ಹೇಳಬಹುದು, ಆಮೇಲಿನದ್ದು ಇಬ್ಬರಿಗೂ ಸೇರಿದ್ದು, ಬೇರೆ ಮಾಡೋಕಾಗಲ್ಲ. ಇನ್ನೂ ಎರಡು ಅನುಮಾನ ಉಳೀತು. ಹೊಸ ದೂರು ಬರೋದೇ ಕಮ್ಮಿ ಆಗಿತ್ತಾ? ಇಲ್ಲ, ಆ ತಿಂಗಳುಗಳಲ್ಲೂ ಮೊದಲಿನಷ್ಟೇ ಬಂದಿದ್ವು. ಬೇಗ ಮುಚ್ಚಬೇಕು ಅಂತ ಸರಿಯಾಗಿ ಬಗೆಹರಿಸದೆ ಕ್ಲೋಸ್ ಮಾಡಿದ್ರಾ? ಇದನ್ನ ತಿಳಿಯೋಕೆ ಮತ್ತೆ ತೆರೆದ ದೂರುಗಳ ಲೆಕ್ಕ ನೋಡಬೇಕು. ಮುಂಚೆ 100ಕ್ಕೆ 12, ಈಗ 11. ಇದು ಸುಧಾರಣೆ ಅಂತ ಬರೆಯೋಷ್ಟು ವ್ಯತ್ಯಾಸ ಅಲ್ಲ, ಹಾಳಾಗಿಲ್ಲ ಅಂತ ಬರೆಯಬಹುದು ಅಷ್ಟೇ.

ಇಷ್ಟಾದ್ಮೇಲೆ ಅವರೇ ಬರೆದಿದ್ದು ಇದು:

"ಬಿಲ್ ದೂರುಗಳಿಗೆ ಮೊದಲ ಉತ್ತರದಲ್ಲೇ ಎಲ್ಲ ಮಾಹಿತಿ ಕೇಳುವ ಚೆಕ್‌ಲಿಸ್ಟ್ ತಯಾರಿಸಿ ಜುಲೈನಿಂದ ಟೀಮಿನಲ್ಲಿ ಬಳಕೆಗೆ ತಂದೆ. ಬಾಕಿ ಬಿಲ್ ದೂರುಗಳು ಸೆಪ್ಟೆಂಬರ್ ಕೊನೆಗೆ 180ರಿಂದ 90ಕ್ಕೆ ಇಳಿದವು. ಹೊಸ ದೂರುಗಳ ಸಂಖ್ಯೆ ಈ ಅವಧಿಯಲ್ಲಿ ಕಡಿಮೆಯಾಗಿರಲಿಲ್ಲ, ಮತ್ತೆ ತೆರೆದ ದೂರುಗಳ ಪ್ರಮಾಣ ಹೆಚ್ಚಲಿಲ್ಲ. ಅಕ್ಟೋಬರ್ ನಂತರ 50ಕ್ಕೆ ಇಳಿದದ್ದರಲ್ಲಿ ಹೊಸ ಸಹೋದ್ಯೋಗಿಯ ಪಾಲೂ ಇದೆ. ಆಧಾರ: ಜೂನ್‌ನಿಂದ ವರ್ಷದ ಕೊನೆಯವರೆಗಿನ ಮಾಸಿಕ ಬಾಕಿ ರಿಪೋರ್ಟ್."

ಓದಿ "60% ಹೋಗಿ 50% ಆಯ್ತು, ಅದೂ ಒಂದೇ ಬಗೆ ದೂರಿಗೆ" ಅಂತ ಸ್ವಲ್ಪ ಮುಖ ಸಣ್ಣ ಮಾಡ್ಕೊಂಡ್ರು. ನಾನು ಹೇಳಿದ್ದು, ಆ ಆ್ಯಪ್ ಸರಿ ಮಾಡಿದ ಟೀಮಿನವರು ಪಕ್ಕದಲ್ಲೇ ಕೂತಿದಾರೆ ಅಂದ್ಕೊಂಡು ಸ್ನೇಹಿತರು ತಿದ್ದಿಕೊಟ್ಟ ಸಾಲು, ಈಗ ನೀವು ಬರೆದಿದ್ದು, ಎರಡನ್ನೂ ಜೋರಾಗಿ ಓದಿ. "ನನ್ನ ನಾಯಕತ್ವದಲ್ಲಿ" ಅನ್ನೋದ್ರಲ್ಲೇ ನಿಲ್ಲಿಸಿಬಿಟ್ರು. ತಾವು ಬರೆದಿದ್ದನ್ನ ಕೊನೆವರೆಗೂ ಓದಿದ್ರು, ದನಿ ಬದಲಾಗಲಿಲ್ಲ. ಮ್ಯಾನೇಜರ್ ಏನಾದ್ರೂ ಲಾಗಿನ್ ದೂರು ಯಾಕೆ ಇಳೀತು ಅಂತ ಒಂದು ಪ್ರಶ್ನೆ ಕೇಳಿದ್ರೂ 60% ಬಿದ್ದುಹೋಗ್ತಿತ್ತು, ಅದರ ಜೊತೆ ಚೆಕ್‌ಲಿಸ್ಟ್ ಮೇಲಿನ ನಂಬಿಕೆನೂ ಹೋಗ್ತಿತ್ತು.

ಇನ್ನು ಆಗದೆ ಉಳಿದ ಕೆಲಸ. ಹೊಸಬರಿಗೆ 4 ಟ್ರೇನಿಂಗ್ ಮಾಡಬೇಕಿತ್ತು, 2 ಆಗಿತ್ತು. ಡ್ರಾಫ್ಟಲ್ಲಿ "ಸಮಯದ ಅಭಾವದಿಂದ" ಅಂತಿತ್ತು. ಬಿಡಿಸಿ ಕೇಳಿದಾಗ ಒಂದು ಸೆಷನ್ ಬೇರೆ ಕೆಲಸದ ಒತ್ತಡದಿಂದ ಮ್ಯಾನೇಜರೇ ಮುಂದೂಡಿಸಿದ್ದು, ಇನ್ನೊಂದು ಇವರು ತಯಾರಿ ಮಾಡ್ಕೊಳ್ಳದೆ ಬಿಟ್ಟಿದ್ದು. ಎರಡನ್ನೂ ಹಾಗೇ ಬೇರೆ ಬೇರೆ ಬರೆಯಿರಿ, ಮುಂದಿನ ಎರಡಕ್ಕೆ ತಾರೀಕು ಹಾಕಿ, ಕ್ಷಮೆ ಕೇಳೋ ಪ್ಯಾರಾ ಬೇಡ ಅಂದೆ. ತಪ್ಪನ್ನ ಬೇಕಾದ್ದಕ್ಕಿಂತ ದೊಡ್ಡದು ಮಾಡಿ ಬರೆಯೋದೂ ಉತ್ಪ್ರೇಕ್ಷೆನೇ, ಸಂಕೋಚದ ಸ್ವಭಾವದವರು ಇದನ್ನ ಪ್ರಾಮಾಣಿಕತೆ ಅಂದ್ಕೊಂಡುಬಿಡ್ತಾರೆ.

ತಮಗೆ ತಾವೇ ಅಂಕ ಕೊಡೋ ಜಾಗದಲ್ಲಿ 3 ಹಾಕಿದ್ರು, ಜಾಸ್ತಿ ಹಾಕಿದ್ರೆ ಏನಂದ್ಕೋತಾರೋ ಅಂತ. ಫಾರ್ಮಿನ ಕೆಳಗೆ ಪ್ರತಿ ಅಂಕಕ್ಕೂ ಅರ್ಥ ಬರೆದಿತ್ತು, ಅದನ್ನ ಓದಿರಲೇ ಇಲ್ಲ. ಅಲ್ಲಿ 4 ಅಂದ್ರೆ "ನಿಗದಿಪಡಿಸಿದ ಗುರಿಯನ್ನು ಮೀರಿದೆ" ಅಂತಿತ್ತು. ಬಿಲ್ ದೂರಿನ ಗುರಿ ವರ್ಷದ ಕೊನೆಗೆ 120, ಆಗಿದ್ದು 50, ಸೆಪ್ಟೆಂಬರಲ್ಲೇ 90 ಮುಟ್ಟಿತ್ತು. ಹಾಗಾಗಿ ಬಿಲ್ ಕೆಲಸಕ್ಕೆ ಅಂಕ 4, ಟ್ರೇನಿಂಗಿಗೆ 2.

ಮೀಟಿಂಗ್ ಆದ್ಮೇಲೆ ಫೋನ್ ಮಾಡಿದ್ರು. ಮ್ಯಾನೇಜರ್ ಬಿಲ್ ಅಂಕ ಒಪ್ಕೊಂಡ್ರಂತೆ, 90ರಿಂದ 50ಕ್ಕೆ ಬಂದಿದ್ರಲ್ಲಿ ನಿಮ್ಮ ಪಾಲೆಷ್ಟು ಅಂತ ಕೇಳಿದ್ರಂತೆ, ಇವರು "ಬೇರೆ ಮಾಡೋಕೆ ಆಗಲ್ಲ ಸರ್" ಅಂದ್ರಂತೆ, ಅವರು ತಲೆಯಾಡಿಸಿ ಮುಂದಕ್ಕೆ ಹೋದ್ರಂತೆ. ಈಗ ಹೊಸ ಬದಲಾವಣೆ ಏನೇ ಶುರು ಮಾಡೋದಿದ್ರೂ ಅದಕ್ಕೆ ಮುಂಚಿನ ದಿನದ ಅಂಕಿಯನ್ನ ಬರೆದಿಡ್ತಿದಾರೆ, ಅದೇ ಸಮಯಕ್ಕೆ ಬೇರೆ ಏನೇನು ಬದಲಾಗ್ತಿದೆ ಅನ್ನೋದನ್ನೂ ಪಕ್ಕದಲ್ಲಿ ಹಾಕ್ತಿದಾರೆ.