ಬೇಬಿ ಬರ್ತ್ ನೆಚ್ಚಿಕೊಂಡು ಟಿಕೆಟ್ ಮಾಡಿಸಬಹುದೇ?

ಪ್ರಶ್ನೆ: ನಮ್ಮ ಮಗುವಿಗೆ ಎಂಟು ತಿಂಗಳು. ನಾನು ಮತ್ತು ನನ್ನ ಯಜಮಾನರು ಮಗುವಿನೊಂದಿಗೆ ಬೆಂಗಳೂರಿನಿಂದ ವಿಜಯಪುರಕ್ಕೆ ರಾತ್ರಿ ರೈಲಿನಲ್ಲಿ ಹೋಗಬೇಕಾಗಿದೆ. ಶಿಶುಗಳಿಗಾಗಿ ಬೇಬಿ ಬರ್ತ್ ಇದೆಯೆಂದು ಕೇಳಿದ್ದೇನೆ. ಅದನ್ನು ಪಡೆಯುವುದು ಹೇಗೆ? ಸಿಗದಿದ್ದರೆ ಮಗುವನ್ನು ಎಲ್ಲಿ ಮಲಗಿಸುವುದು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಕೇಳಿರುವುದು 2022ರ ಮೇ ತಿಂಗಳಲ್ಲಿ, ತಾಯಂದಿರ ದಿನದ ಸಂದರ್ಭದಲ್ಲಿ, ಉತ್ತರ ರೈಲ್ವೆಯವರು ಲಖನೌ ಮೇಲ್‌ನಲ್ಲಿ ಮಾಡಿದ ಪ್ರಯೋಗದ ಸುದ್ದಿ. ಆ ರೈಲಿನ ಒಂದು ತ್ರೀ ಟಯರ್ ಎ.ಸಿ. ಬೋಗಿಯಲ್ಲಿ 12 ಮತ್ತು 60ನೇ ಸಂಖ್ಯೆಯ ಎರಡು ಕೆಳಬರ್ತ್‌ಗಳ ಅಂಚಿಗೆ, ಬೇಡವಾದಾಗ ಮಡಚಿ ಕೆಳಗೆ ಸರಿಸಬಹುದಾದ ಪುಟ್ಟ ಹಾಸಿಗೆಯೊಂದನ್ನು ಜೋಡಿಸಿದ್ದರು. ಟಿಕೆಟ್ ಮಾಡಿಸುವಾಗ ಬೇಬಿ ಬರ್ತ್ ಬೇಕೆಂದು ಆಯ್ದುಕೊಳ್ಳಲು ಅವಕಾಶವಿಲ್ಲ. ಆದ್ದರಿಂದ ನಿಮ್ಮ ಪ್ರಯಾಣದ ಲೆಕ್ಕದಲ್ಲಿ ಅದನ್ನು ಸೇರಿಸಿಕೊಳ್ಳಬೇಡಿ.

ಒಂದು ವೇಳೆ ಸಿಕ್ಕಿದ್ದರೂ ನಿಮ್ಮ ಮಗುವಿಗೆ ಅದು ಒಗ್ಗುತ್ತಿರಲಿಲ್ಲವೆಂದೇ ನಮ್ಮ ಅನಿಸಿಕೆ. ಅದರ ಉದ್ದ 770 ಮಿ.ಮೀ., ಅಗಲ 255 ಮಿ.ಮೀ., ಅಂದರೆ ಸುಮಾರು ಎರಡೂವರೆ ಅಡಿಗೆ ಹತ್ತು ಅಂಗುಲ. ಎಂಟು ತಿಂಗಳ ಕೂಸು ಸಾಮಾನ್ಯವಾಗಿ 70 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ, ನಿದ್ದೆಯಲ್ಲೇ ಮಗುಚಿಕೊಳ್ಳುತ್ತದೆ, ಎಚ್ಚರವಾದರೆ ಸಿಕ್ಕಿದ್ದನ್ನು ಹಿಡಿದು ಏಳಲು ನೋಡುತ್ತದೆ. ಹತ್ತು ಅಂಗುಲದ ಹಾಸಿಗೆ ಇನ್ನೂ ಮಗುಚಿಕೊಳ್ಳಲು ಕಲಿಯದ ಹಸುಗೂಸಿಗೆ ಮಾತ್ರ ಸರಿ. ಇದಲ್ಲದೆ ಮಗು ಮಲಗುವುದು ಎರಡು ಬರ್ತ್‌ಗಳ ನಡುವಿನ ಓಡಾಟದ ಜಾಗದ ಕಡೆಗೆ. ಮೇಲಿನವರು ಕತ್ತಲೆಯಲ್ಲಿ ಕಾಲು ಇಳಿಬಿಡುವುದೂ, ಅವರ ಕೈಯಿಂದ ನೀರಿನ ಬಾಟಲಿ ಜಾರುವುದೂ ಅಲ್ಲಿಗೇ.

ಹಾಗಾದರೆ ನಿಮಗೆ ಬೇಕಾದದ್ದು ಒಂದು ಒಳ್ಳೆಯ ಕೆಳಬರ್ತ್. ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಕೇಳದಿದ್ದರೆ ಟಿಕೆಟ್ ಬೇಕಿಲ್ಲ. ಕೇಳಿದರೆ ದೊಡ್ಡವರ ಪೂರ್ಣ ದರ ತೆರಬೇಕು. ಎಂಟು ತಿಂಗಳ ಮಗು ಒಂಟಿಯಾಗಿ ಮಲಗಲಾರದಾದ್ದರಿಂದ ಆ ಹಣವನ್ನು ಟೂ ಟಯರ್ ಎ.ಸಿ.ಗೆ ಹಾಕುವುದು ಲೇಸು. ಕಾರಣವಿಷ್ಟೇ: ತ್ರೀ ಟಯರ್‌ನಲ್ಲಿ ರಾತ್ರಿ ಹತ್ತರವರೆಗೆ ಕೆಳಬರ್ತ್ ಮೂವರು ಕುಳಿತುಕೊಳ್ಳುವ ಜಾಗ, ಎಂಟು ಗಂಟೆಗೆ ನಿದ್ದೆ ಹೋಗುವ ಮಗುವಿಗೆ ಅಲ್ಲಿ ಅಂಗೈಯಗಲ ನೆಲೆಯೂ ಇಲ್ಲ. ಹತ್ತರ ನಂತರ ನಡುಬರ್ತ್ ಎತ್ತಿದರೆ, ಹಾಲೂಡಿಸಲು ನೀವು ನೆಟ್ಟಗೆ ಕೂರುವುದೂ ಕಷ್ಟ. ಟೂ ಟಯರ್‌ನಲ್ಲಿ ನಡುಬರ್ತ್ ಇಲ್ಲ, ಒಂದೇ ಬದಿಯ ಮೇಲು ಕೆಳಗಿನ ಬರ್ತ್‌ಗಳು ನಿಮ್ಮಿಬ್ಬರಿಗೇ ಸಿಕ್ಕಿದರೆ ಸಂಜೆಯಿಂದಲೇ ಮಗುವನ್ನು ಮಲಗಿಸಬಹುದು.

ಮುಂಗಡ ಬುಕಿಂಗ್ ಈಗ ಪ್ರಯಾಣಕ್ಕೆ 60 ದಿನ ಮೊದಲು ತೆರೆಯುತ್ತದೆ. ಕನಿಷ್ಠ ಒಂದು ಕೆಳಬರ್ತ್ ಸಿಕ್ಕರೆ ಮಾತ್ರ ಟಿಕೆಟ್ ಕೊಡಿ ಎಂಬ ಆಯ್ಕೆಯನ್ನು ಗುರುತು ಮಾಡಲು ಮರೆಯಬೇಡಿ. ಟೂ ಟಯರ್‌ನಲ್ಲಿ ಸಿಕ್ಕ ಬರ್ತ್ ಸಂಖ್ಯೆಯನ್ನು ಆರರಿಂದ ಭಾಗಿಸಿ: ಶೇಷ ಒಂದು ಅಥವಾ ಮೂರು ಬಂದರೆ ಅದು ಒಳಗಿನ ಕೆಳಬರ್ತ್, ಐದು ಬಂದರೆ ಸೈಡ್ ಲೋಯರ್. ಉದಾಹರಣೆಗೆ 21 ಮತ್ತು 22 ಬಂದಿದ್ದರೆ 21 ಒಳಗಿನ ಕೆಳಬರ್ತ್, 22 ಅದರ ನೇರ ಮೇಲಿನದು. ನಿಮಗೆ ಇದಕ್ಕಿಂತ ಅನುಕೂಲದ ಜೋಡಿಯಿಲ್ಲ. 23 ಬಂದರೆ ನಡೆದಾಡುವ ಹಾದಿಯ ಪಕ್ಕದ ಸೈಡ್ ಲೋಯರ್. ಎದುರಿನವರೊಡನೆ ಬದಲಾಯಿಸಿಕೊಳ್ಳಲು ರೈಲು ಹೊರಡುತ್ತಿದ್ದಂತೆಯೇ ವಿನಂತಿಸಿ, ಅವರು ಹಾಸಿಗೆ ಹಾಸಿಕೊಂಡ ಮೇಲಲ್ಲ.

ಮಲಗುವಾಗ ಮಗು ಗೋಡೆಯ ಕಡೆ, ನೀವು ಹೊರಗಡೆ. ತಲೆ ಕಿಟಕಿಯ ದಿಕ್ಕಿಗಿರಲಿ. ಹಾದಿಯ ಕಡೆಗಿದ್ದರೆ ದೀಪವೂ ಓಡಾಡುವವರ ಸದ್ದೂ ಮಗುವಿನ ನಿದ್ದೆ ಕೆಡಿಸುತ್ತವೆ. ಗೋಡೆಗೆ ಒತ್ತಾಗಿ ದಿಂಬನ್ನೋ ಮಡಚಿದ ರಗ್ಗನ್ನೋ ಇಡುವ ವಾಡಿಕೆಯುಂಟು, ಅದನ್ನು ಮಾಡಬೇಡಿ. ಅವು ಕುಸಿದು ಮಗುವಿನ ಮುಖ ಮುಚ್ಚಿದರೆ ಕತ್ತಲೆಯಲ್ಲಿ ತಿಳಿಯುವುದಿಲ್ಲ. ರೈಲಿನ ರಗ್ಗು ಹೊದಿಸುವ ಬದಲು ಮೈಗೆ ಎರಡು ಪದರ ಬಟ್ಟೆ ತೊಡಿಸಿ. ಬೆನ್ನು ಅಥವಾ ಕತ್ತು ಮುಟ್ಟಿದಾಗ ಬೆವರಿದ್ದರೆ ಒಂದು ಪದರ ಹೆಚ್ಚಾಗಿದೆಯೆಂದರ್ಥ. ಕೈಕಾಲು ತಣ್ಣಗಿರುವುದು ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಬರ್ತ್ ಕಿರಿದಾದ್ದರಿಂದ ನಿಮಗೆ ಗಾಢ ನಿದ್ದೆ ಹತ್ತುವುದು ಒಳ್ಳೆಯದಲ್ಲ. ನಡುರಾತ್ರಿಯವರೆಗೆ ನೀವು ಮೇಲಿನ ಬರ್ತ್‌ನಲ್ಲಿ ಮಲಗಿ, ನಿಮ್ಮ ಯಜಮಾನರು ಕೆಳಗೆ ಎಚ್ಚರವಿದ್ದು ಮಗುವನ್ನು ನೋಡಿಕೊಳ್ಳಲಿ. ಆಮೇಲೆ ನಿಮ್ಮ ಸರದಿ.

ಎದೆಹಾಲು ಕುಡಿಯುವ ಮಗುವಾದರೆ ಅರ್ಧ ಕೆಲಸ ಹಗುರ. ಪುಡಿಹಾಲಾದರೆ ಮನೆಯಲ್ಲೇ ಕಲಸಿ ಫ್ಲಾಸ್ಕಿಗೆ ತುಂಬಿಕೊಂಡು ಹೋಗುವುದು ಅನೇಕರು ಮಾಡುವ ತಪ್ಪು, ಏಕೆಂದರೆ ಗಂಟೆಗಟ್ಟಲೆ ಉಗುರುಬೆಚ್ಚಗಿರುವ ಹಾಲಿನಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಕುದಿಸಿದ ನೀರನ್ನು ಬಿಸಿಯಾಗಿಯೇ ಫ್ಲಾಸ್ಕಿಗೆ ತುಂಬಿ, ಒಂದೊಂದು ಹೊತ್ತಿನ ಪುಡಿಯನ್ನು ಅಳೆದು ಬೇರೆ ಬೇರೆ ಒಣ ಡಬ್ಬಿಗಳಲ್ಲಿ ಇಟ್ಟುಕೊಳ್ಳಿ; ಬೇಕಾದಾಗ ಬೆರೆಸಿ, ಆರಿಸಿ, ಮಣಿಕಟ್ಟಿನ ಮೇಲೆ ಹನಿಸಿ ನೋಡಿ ಕುಡಿಸಿ, ಮಿಕ್ಕಿದ್ದನ್ನು ಚೆಲ್ಲಿಬಿಡಿ. ನೀರು ಕಾಯಿಸಲು ಮೊಬೈಲ್ ಚಾರ್ಜಿಂಗ್ ಪ್ಲಗ್ಗಿಗೆ ಕೆಟಲ್ ಸಿಕ್ಕಿಸಬೇಡಿ, ಅದು ನಿಷಿದ್ಧ. ಎ.ಸಿ. ತೀರಾ ಕೊರೆಯುತ್ತಿದ್ದರೆ ಮೊದಲು ಬೋಗಿಯ ಅಟೆಂಡರ್‌ಗೆ ಹೇಳಿ. ಅವರಿಂದ ಆಗದಿದ್ದರೆ 139ಕ್ಕೆ ಕರೆ ಮಾಡಿ ಪಿ.ಎನ್.ಆರ್. ಸಂಖ್ಯೆಯೊಂದಿಗೆ ದೂರು ಕೊಡಬಹುದು.
— ಸಂ.