ಅಂಕ ಮನೆಗಲ್ಲ, ಉತ್ತರ ಕೊಟ್ಟವರಿಗೆ

ಪ್ರಶ್ನೆ: ಕುಟುಂಬಗಳ ಹಣಕಾಸು ತಿಳುವಳಿಕೆ ಬಗ್ಗೆ ಮನೆಮನೆ ಸಮೀಕ್ಷೆ ಮಾಡ್ತಾ ಇದ್ದೀವಿ. 400 ಮನೆ ಸಾಕಾ? ಒಂದೊಂದು ಮನೆಗೂ ಒಂದು ಅಂಕ ಬರೋ ಹಾಗೆ ಪ್ರಶ್ನೆಗಳನ್ನು ಮಾಡೋದು ಹೇಗೆ?

ನಾವೂ ಶುರು ಮಾಡಿದ್ದು ಇದೇ ಜಾಗದಿಂದ. ಯಾವ ಮನೆಗೆ ಹೋಗಬೇಕು ಅನ್ನೋದನ್ನು ಸಮೀಕ್ಷಕರ ಇಷ್ಟಕ್ಕೆ ಬಿಡಲಿಲ್ಲ, ಪಟ್ಟಿ ಹಾಕಿ ಶಿಸ್ತಾಗಿ ಆರಿಸಿದೆವು. ಆದರೆ ಬಾಗಿಲು ತೆಗೆದ ಮೇಲೆ ಯಾರನ್ನು ಕೇಳಬೇಕು ಅನ್ನೋದಕ್ಕೆ ಕೈಪಿಡಿಯಲ್ಲಿ ಇದ್ದದ್ದು ಒಂದೇ ಸಾಲು: 'ಮನೆಯ ಹಣಕಾಸು ನೋಡಿಕೊಳ್ಳುವವರನ್ನು ಕೇಳಿ. ಅವರು ಇಲ್ಲದಿದ್ದರೆ ಮನೆಯಲ್ಲಿರುವ ದೊಡ್ಡವರು ಒಬ್ಬರನ್ನು ಕೇಳಿ.' ಆ 'ಇಲ್ಲದಿದ್ದರೆ' ನಮ್ಮ ಕೆಲಸವನ್ನು ಪೂರ್ತಿ ಕೆಡಿಸಿತು.

ಹೇಗೆ ಅಂತ ಬಿಡಿಸಿ ಹೇಳ್ತೀನಿ. ಒಂದು ತಂಡ ಹೆಚ್ಚಾಗಿ ಹಗಲು ಹೊತ್ತು ಹೋಗುತ್ತಿತ್ತು. ಆಗ ಮನೆಯಲ್ಲಿ ಸಿಗುತ್ತಿದ್ದವರು ವಯಸ್ಸಾದವರು, ಹೊರಗೆ ದುಡಿಯಲು ಹೋಗದವರು. ಇನ್ನೊಂದು ತಂಡ ಹೆಚ್ಚಾಗಿ ಸಂಜೆ ಹೋಗುತ್ತಿತ್ತು. ಅವರಿಗೆ ಸಿಕ್ಕಿದ್ದು ದುಡಿದು ಬಂದವರು, ಬ್ಯಾಂಕಿನ ಕೆಲಸ ತಾವೇ ನೋಡಿಕೊಳ್ಳುವವರು. ಎರಡೂ ತಂಡಗಳ ಪ್ರದೇಶ ಬೇರೆ ಬೇರೆ. ಸರಾಸರಿ ತೆಗೆದಾಗ ಎರಡನೇ ಪ್ರದೇಶದ ಅಂಕ ಎದ್ದು ಕಾಣುವಷ್ಟು ಜಾಸ್ತಿ ಬಂತು. ಅಲ್ಲಿನ ಜನರಿಗೆ ತಿಳುವಳಿಕೆ ಹೆಚ್ಚು ಅಂತ ವರದಿಯ ಕರಡನ್ನೂ ಬರೆದೆವು. ಆಮೇಲೆ ಒಬ್ಬರು ಸಂದರ್ಶನದ ಸಮಯದ ಪ್ರಕಾರ ಅಂಕಗಳನ್ನು ಬೇರೆ ಮಾಡಿ ನೋಡಿದರು. ಎರಡೂ ಕಡೆ ಸಂಜೆಯ ಅಂಕ ಸಂಜೆಯ ಅಂಕಕ್ಕೆ, ಹಗಲಿನದು ಹಗಲಿನದಕ್ಕೆ ಹತ್ತಿರವೇ ಇತ್ತು. ನಾವು ಅಳೆದದ್ದು ಯಾವ ಹೊತ್ತಿಗೆ ಯಾರು ಮನೆಯಲ್ಲಿರುತ್ತಾರೆ ಅನ್ನೋದನ್ನು.

ಲೆಕ್ಕದಲ್ಲಿ ಸರಿಮಾಡಬಹುದಿತ್ತಲ್ವಾ ಅಂತ ಕೇಳಬಹುದು. ಆಗಲಿಲ್ಲ. ಮನೆಯಲ್ಲಿ ಒಟ್ಟು ಎಷ್ಟು ವಯಸ್ಕರಿದ್ದಾರೆ, ಅವರ ವಯಸ್ಸೇನು, ಗಂಡಸೋ ಹೆಂಗಸೋ ಅಂತ ನಾವು ಬರೆದುಕೊಂಡೇ ಇರಲಿಲ್ಲ. ಉತ್ತರ ಕೊಟ್ಟವರು ಎಷ್ಟು ಜನರಲ್ಲಿ ಒಬ್ಬರು ಅಂತ ಗೊತ್ತಿಲ್ಲದಿದ್ದರೆ ಅವರ ಅಂಕಕ್ಕೆ ಯಾವ ತೂಕ ಕೊಟ್ಟರೂ ಅದು ಊಹೆಯೇ. ಕೊನೆಗೆ ಕ್ಷೇತ್ರದ ಕೆಲಸವನ್ನೇ ಮತ್ತೆ ಮಾಡಬೇಕಾಯಿತು.

ಹಾಗಾಗಿ 'ಮನೆಗೊಂದು ಅಂಕ' ಅನ್ನೋದನ್ನೇ ಬಿಡಿ ಅಂತೀನಿ. ಬಡ್ಡಿ ಅಂದರೇನು ಅಂತ ಮನೆಗೆ ಗೊತ್ತಿರುವುದಿಲ್ಲ, ಮನೆಯಲ್ಲಿರುವ ಒಬ್ಬೊಬ್ಬರಿಗೆ ಗೊತ್ತಿರುತ್ತದೆ ಇಲ್ಲವೇ ಇರುವುದಿಲ್ಲ. ಸಾಲ ಎಷ್ಟು, ಉಳಿತಾಯ ಎಲ್ಲಿದೆ ಅನ್ನೋ ಪ್ರಶ್ನೆಗಳನ್ನು ಲೆಕ್ಕ ನೋಡಿಕೊಳ್ಳುವವರಿಗೇ ಕೇಳಿ, ಅದು ಮನೆಯ ಮಾಹಿತಿ. ತಿಳುವಳಿಕೆಯ ಪ್ರಶ್ನೆಗಳನ್ನು ಮಾತ್ರ ಲಾಟರಿಯಲ್ಲಿ ಬಂದ ಒಬ್ಬ ವಯಸ್ಕರಿಗೆ ಕೇಳಿ. ಇವೆರಡನ್ನೂ ಬೇರೆ ಬೇರೆ ಭಾಗ ಮಾಡಿ.

ಒಬ್ಬರನ್ನು ಆರಿಸುವ ದಾರಿ ಹಳೆಯದು. ಸಮೀಕ್ಷಾ ತಜ್ಞ ಲೆಸ್ಲಿ ಕಿಶ್ 1949ರಲ್ಲಿ ಇದಕ್ಕೊಂದು ಕೋಷ್ಟಕವನ್ನೇ ಕೊಟ್ಟರು. ಮೊದಲು ಮನೆಯ ಎಲ್ಲ ವಯಸ್ಕರನ್ನು ಒಂದು ನಿಗದಿತ ಕ್ರಮದಲ್ಲಿ ಬರೆದುಕೊಳ್ಳಬೇಕು. ಆ ಮನೆಯ ಪ್ರಶ್ನೆಗಳ ನಮೂನೆಗೆ ಮೊದಲೇ ಅಂಟಿಸಿದ ಕೋಷ್ಟಕ 'ನಾಲ್ಕು ಜನರಿದ್ದರೆ ಮೂರನೆಯವರು' ಅನ್ನುತ್ತದೆ. ಆ ಮೂರನೆಯವರು ಮನೆಯಲ್ಲಿಲ್ಲದಿದ್ದರೆ ಬೇರೆ ಹೊತ್ತಿನಲ್ಲಿ ಮತ್ತೆ ಹೋಗಬೇಕು. ಪಕ್ಕದಲ್ಲಿ ಕೂತವರನ್ನು ಕೇಳಿ ಮುಗಿಸೋ ಹಾಗಿಲ್ಲ. ಸಮೀಕ್ಷಕರಿಗೆ ಇದು ಕಿರಿಕಿರಿಯ ಕೆಲಸ, ಹಾಗಾಗಿ ಮರುಭೇಟಿಗೂ ಸಂಭಾವನೆ ಇಡಿ. ಮುಗಿದ ನಮೂನೆಗೆ ಮಾತ್ರ ದುಡ್ಡು ಅಂದರೆ ಅವರು ಸಿಕ್ಕವರನ್ನೇ ಕೇಳುತ್ತಾರೆ.

ಆಮೇಲೆ ತೂಕ. ಒಂದು ಮನೆಯಲ್ಲಿ ಒಬ್ಬರೇ ಇದ್ದಾರೆ, ಅವರಿಗೆ 7ಕ್ಕೆ 6 ಬಂತು. ಇನ್ನೊಂದರಲ್ಲಿ ಮೂವರು ವಯಸ್ಕರು, ಆಯ್ಕೆಯಾದವರಿಗೆ 3 ಬಂತು. ಸುಮ್ನೆ ಸರಾಸರಿ ತೆಗೆದರೆ 4.5. ಆದರೆ ಎರಡನೆಯವರು ಮೂವರ ಪರವಾಗಿ ನಿಂತಿದ್ದಾರೆ. 6 ಒಂದು ಸಲ, 3 ಮೂರು ಸಲ ಕೂಡಿಸಿ 4ರಿಂದ ಭಾಗಿಸಿದರೆ 3.75. ದೊಡ್ಡ ಕುಟುಂಬಗಳು ಜಾಸ್ತಿ ಇರುವ ಕಡೆ ಈ ಅಂತರ ತೀರ್ಮಾನವನ್ನೇ ಬದಲಾಯಿಸುತ್ತದೆ.

400 ಸಾಕಾ ಅಂದರೆ, ಬಿಡಿಬಿಡಿಯಾಗಿ ಆರಿಸಿದ 400 ಜನರಾದರೆ ಶೇಕಡಾವಾರು ಅಂದಾಜು ಸುಮಾರು 5 ಅಂಶ ಆಚೀಚೆ ಇರುತ್ತದೆ. ನೀವು ಒಂದೊಂದು ಗುಂಪಿನಲ್ಲಿ 10 ಮನೆಗಳಂತೆ ತಗೊಂಡರೆ ಅಕ್ಕಪಕ್ಕದವರು ಒಂದೇ ಥರ ಇರುವುದರಿಂದ ಹೊಸ ಮಾಹಿತಿ ಕಮ್ಮಿ ಸಿಗುತ್ತದೆ. ಆ ಹೋಲಿಕೆ 0ಯಿಂದ 1ರ ಅಳತೆಯಲ್ಲಿ 0.1 ಇದ್ದರೆ, ಗುಂಪಿನ ಉಳಿದ 9 ಮನೆಗಳ ಲೆಕ್ಕ ಹಾಕಿ 1 + 9 × 0.1, ಅಂದರೆ 1.9. ಅದರಿಂದ ಭಾಗಿಸಿದರೆ ನಿಮ್ಮ 400ರ ಬೆಲೆ ಸುಮಾರು 210 ಅಷ್ಟೇ. ಗುಂಪುಗಳನ್ನು ಜಾಸ್ತಿ ಮಾಡಿ, ಒಂದೊಂದರಲ್ಲಿ ಮನೆಗಳನ್ನು ಕಮ್ಮಿ ಮಾಡಿ.

ಪ್ರಶ್ನೆಗಳನ್ನು ಹೊಸದಾಗಿ ಕಟ್ಟಲು ಹೋಗಬೇಡಿ. ಅರ್ಥಶಾಸ್ತ್ರಜ್ಞೆಯರಾದ ಲುಸಾರ್ಡಿ ಮತ್ತು ಮಿಚೆಲ್ ಅವರ ಮೂರು ಪ್ರಶ್ನೆಗಳಿವೆ: ಬಡ್ಡಿ, ಹಣದುಬ್ಬರ, ಅಪಾಯ ಹಂಚುವುದು. 'ಖಾತೆಯಲ್ಲಿ 100 ಇದೆ, ವರ್ಷಕ್ಕೆ ಶೇಕಡಾ 2 ಬಡ್ಡಿ, ಐದು ವರ್ಷ ಮುಟ್ಟದೇ ಬಿಟ್ಟರೆ 102ಕ್ಕಿಂತ ಜಾಸ್ತಿಯೋ, ಸರಿಯಾಗಿ 102 ಇರುತ್ತದೋ, ಕಮ್ಮಿಯೋ' ಅನ್ನೋದು ಮೊದಲನೆಯದು. ಇಲ್ಲಿ ಗುಣಾಕಾರ ಬೇಕಿಲ್ಲ, ಬಡ್ಡಿ ಬೆಳೆಯುತ್ತದೆ ಅಂತ ಗೊತ್ತಿದ್ದರೆ ಸಾಕು. ಅದೇ ಅದರ ಚೆಂದ. ಸರಿ-ತಪ್ಪು ಹೇಳಿಕೆಗಳ ಬಗ್ಗೆ ಮಾತ್ರ ಹುಷಾರು. ನೆದರ್ಲೆಂಡ್ಸ್‌ನಲ್ಲಿ ಷೇರು ಮತ್ತು ಮ್ಯೂಚುವಲ್ ಫಂಡ್ ಹೋಲಿಸುವ ಹೇಳಿಕೆಯನ್ನು ತಿರುಗಿಸಿ ಕೇಳಿದಾಗ ಸರಿ ಉತ್ತರಗಳ ಪ್ರಮಾಣವೇ ಬದಲಾಯಿತು. ಅಂದರೆ ಎಷ್ಟೋ ಜನ ಊಹಿಸುತ್ತಿದ್ದರು. ಅರ್ಧ ಜನರಿಗೆ ಹೀಗೆ, ಅರ್ಧ ಜನರಿಗೆ ಹಾಗೆ ಕೇಳಿದರೆ ಇದು ನಿಮಗೂ ಕಾಣುತ್ತದೆ.

'ಗೊತ್ತಿಲ್ಲ' ಅನ್ನೋದಕ್ಕೆ ತಪ್ಪು ಉತ್ತರದಿಂದ ಬೇರೆ ಸಂಕೇತ ಕೊಡಿ. ಅದನ್ನು ಆಯ್ಕೆಯಾಗಿ ಓದಿ ಹೇಳಬೇಕೋ ಬೇಡವೋ ಅಂತ ಎಲ್ಲ ಸಮೀಕ್ಷಕರಿಗೂ ಒಂದೇ ನಿಯಮವಿರಲಿ. ಹೆಂಗಸರು ಇದನ್ನು ಹೆಚ್ಚಾಗಿ ಹೇಳುತ್ತಾರೆ, ಆದರೆ ಆ ಆಯ್ಕೆಯೇ ಇಲ್ಲದಾಗ ಬಹಳ ಸಲ ಸರಿಯಾದ ಉತ್ತರವನ್ನೇ ಕೊಡುತ್ತಾರೆ ಅಂತ ಲುಸಾರ್ಡಿ ಮತ್ತು ಅವರ ಜೊತೆಗಾರರ ಅಧ್ಯಯನ ತೋರಿಸಿದೆ. 'ನನಗೇನು ಗೊತ್ತು, ಅವರನ್ನೇ ಕೇಳಿ' ಅನ್ನೋರಿಗೆ ಒಂದು ಕ್ಷಣ ಕೊಟ್ಟು ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಸುಳಿವು ಕೊಡಬೇಡಿ. 'ಅವರು' ಪಕ್ಕದಲ್ಲೇ ಇದ್ದು ಉತ್ತರ ಹೇಳಿಕೊಟ್ಟರೆ ಅದನ್ನೂ ನಮೂನೆಯಲ್ಲಿ ಗುರುತು ಮಾಡಿ.

ಅಂಕಕ್ಕೆ ಹಲವು ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿಯ ಅಳತೆಯನ್ನೇ ತಗೊಳ್ಳಬಹುದು: ಜ್ಞಾನಕ್ಕೆ 7, ನಡವಳಿಕೆಗೆ 9, ಮನೋಭಾವಕ್ಕೆ 4, ಒಟ್ಟು 20. ಆದರೆ ಒಟ್ಟು ಅಂಕ ಒಂದನ್ನೇ ಪ್ರಕಟಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ನಡವಳಿಕೆಯಲ್ಲಿ ಉಳಿತಾಯಕ್ಕೂ ಅಂಕವಿದೆ. ಸ್ವಂತ ಆದಾಯವೇ ಇಲ್ಲದವರು ಎಷ್ಟು ಬುದ್ಧಿವಂತರಾದರೂ ಆ ಅಂಕ ಅವರಿಗೆ ಸಿಗುವುದು ಕಷ್ಟ. ಲಾಟರಿಯಲ್ಲಿ ಆರಿಸಿದಾಗ ಇಂಥವರು ನಿಮ್ಮ ಸ್ಯಾಂಪಲ್‌ಗೆ ಹೆಚ್ಚು ಬರುತ್ತಾರೆ, ಬರಲೇಬೇಕು. ಅದಕ್ಕೇ ಮೂರು ಭಾಗಗಳನ್ನೂ ಬೇರೆ ಬೇರೆ ತೋರಿಸಿ, 'ಗೊತ್ತಿಲ್ಲ' ಎಷ್ಟು ಬಂತು ಅನ್ನೋದನ್ನೂ ಪಕ್ಕದಲ್ಲಿಡಿ.

ಮೊದಲ ಕಂತಿನ ನಮೂನೆಗಳು ಬಂದ ಕೂಡಲೇ ಒಂದು ಕೋಷ್ಟಕ ಮಾಡಿ. ಒಂದು ಕಡೆ ಪಟ್ಟಿಯಲ್ಲಿರುವ ಎಲ್ಲ ವಯಸ್ಕರ ವಯಸ್ಸು ಮತ್ತು ಲಿಂಗ, ಇನ್ನೊಂದು ಕಡೆ ಉತ್ತರ ಕೊಟ್ಟವರದ್ದು, ತೂಕ ಹಾಕಿ. ಎರಡೂ ಹೊಂದದಿದ್ದರೆ ಯಾರೋ ಸಿಕ್ಕವರನ್ನೇ ಕೇಳುತ್ತಿದ್ದಾರೆ ಅಂತ ಅನುಮಾನ ಪಡಬೇಕು. ಸಮೀಕ್ಷಕರ ಪ್ರಕಾರ, ಹೊತ್ತಿನ ಪ್ರಕಾರ ಬಿಡಿಸಿ ನೋಡಿದರೆ ಯಾರು ಅಂತಲೂ ಗೊತ್ತಾಗುತ್ತದೆ. ಉಳಿದ ಮನೆಗಳಿಗೆ ಹೋಗೋದು ಆಮೇಲೆ.