ನೆಗಡಿಯ ಬೆನ್ನಿಗೆ ಬಂದ ಕೆನ್ನೆನೋವು: ಆಂಟಿಬಯೋಟಿಕ್ ಬೇಕೇ?

ಪ್ರಶ್ನೆ: ನೆಗಡಿಯಾಗಿ ಎಂಟು ದಿನವಾಯಿತು. ನಡುವೆ ಕಡಿಮೆಯಾದಂತಿತ್ತು. ಈಗ ಬಲಗೆನ್ನೆ ನೋಯುತ್ತಿದೆ, ಸಿಂಬಳ ಗಟ್ಟಿಯಾಗಿ ಹಸಿರಾಗಿದೆ. ಇದು ಬ್ಯಾಕ್ಟೀರಿಯಾದಿಂದ ಆದದ್ದೇ? ಆಂಟಿಬಯೋಟಿಕ್ ತೆಗೆದುಕೊಳ್ಳಬೇಕೇ?

ನೀವು ಬರೆದಿರುವುದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ‘ನಡುವೆ ಕಡಿಮೆಯಾದಂತಿತ್ತು’ ಎಂಬ ಮಾತು. ಕಿವಿ, ಮೂಗು, ಗಂಟಲಿನ ವೈದ್ಯನಾಗಿ ಇಂಥ ರೋಗಿಗಳನ್ನು ನಾನು ಮೊದಲು ಕೇಳುವುದು, ನೆಗಡಿ ಶುರುವಾದ ದಿನದಿಂದ ಇಂದಿನವರೆಗೆ ಅದು ಹೇಗೆ ಏರಿತು, ಹೇಗೆ ಇಳಿಯಿತು ಎಂಬುದನ್ನು. ಸಿಂಬಳದ ಬಣ್ಣದ ವಿಚಾರ ಆಮೇಲಿನದು.

ಬಣ್ಣವನ್ನು ನಂಬಿ ನಿರ್ಧರಿಸಲಾಗದಿರುವುದಕ್ಕೆ ಕಾರಣವಿದೆ. ಸೋಂಕನ್ನು ಎದುರಿಸಲು ಮೂಗಿನ ಒಳಪೊರೆಗೆ ಬಂದು ಸೇರುವ ಬಿಳಿ ರಕ್ತಕಣಗಳಲ್ಲಿ ಹಸಿರು ಬಣ್ಣದ ಕಿಣ್ವವೊಂದಿದ್ದು, ಆ ಕಣಗಳು ಒಡೆದು ಸಿಂಬಳದಲ್ಲಿ ಬೆರೆತಾಗ ಅದಕ್ಕೂ ಆ ಬಣ್ಣ ಬರುತ್ತದೆ. ವೈರಸ್ಸಿನಿಂದಾದ ಸಾಮಾನ್ಯ ನೆಗಡಿಯಲ್ಲೂ ಕೆಲವು ದಿನ ಕಳೆದ ಮೇಲೆ ಸಿಂಬಳ ಗಟ್ಟಿಯಾಗಿ, ಹಳದಿ ಅಥವಾ ಹಸಿರಾಗಿ, ಮತ್ತೆ ತಿಳಿಯಾಗುವುದು ತೀರ ಸಹಜ.

ಕೆನ್ನೆನೋವೂ ಒಂದೇ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಕೆನ್ನೆಯ ಮೂಳೆಯೊಳಗಿರುವ ಸೈನಸ್ಸು ಎಂಬ ಗಾಳಿ ತುಂಬಿದ ಪೊಳ್ಳಿನ ಬಾಯಿ ಅದರ ತಳದಲ್ಲಿರದೆ ಮೇಲ್ಭಾಗದಲ್ಲಿ, ಮೂಗಿನ ಕಡೆಗಿದೆ. ಒಳಗಿನ ಲೋಳೆಯನ್ನು ಸೂಕ್ಷ್ಮ ರೋಮಗಳು ಮೇಲಕ್ಕೆ ತಳ್ಳಿ ಹೊರಹಾಕಬೇಕು. ನೆಗಡಿಯಲ್ಲಿ ಆ ಕಿರಿದಾದ ಬಾಯಿ ಊದಿಕೊಂಡು ಮುಚ್ಚುತ್ತದೆ, ರೋಮಗಳ ಚಲನೆಯೂ ಮಂದವಾಗುತ್ತದೆ. ಹಾಗಾಗಿ ಬ್ಯಾಕ್ಟೀರಿಯಾ ಇಲ್ಲದೆಯೂ ಮುಖ ಬಿಗಿಯುತ್ತದೆ, ಬಗ್ಗಿದಾಗ ಭಾರವೆನಿಸುತ್ತದೆ. ಹೀಗೆ ನಿಂತ ಲೋಳೆಯಲ್ಲಿ ಕೆಲವೊಮ್ಮೆ ಬ್ಯಾಕ್ಟೀರಿಯಾ ಬೆಳೆಯುತ್ತದೆ; ವಯಸ್ಕರಲ್ಲಿ ನೂರು ನೆಗಡಿಗಳಲ್ಲಿ ಹೀಗಾಗುವುದು ಹೆಚ್ಚೆಂದರೆ ಒಂದೆರಡು.

ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಇಂದು ಎಂಟನೆಯ ದಿನ, ಇಬ್ಬರದೂ ಹಸಿರು ಸಿಂಬಳ. ಮೊದಲನೆಯವರಿಗೆ ಮೂರನೆಯ ದಿನ ಮೈಕೈನೋವು, ಮೂಗುಕಟ್ಟು ಜೋರಾಗಿದ್ದು, ಅಲ್ಲಿಂದ ನಿಧಾನವಾಗಿ ಇಳಿದಿದೆ. ಎರಡೂ ಕೆನ್ನೆ ಭಾರ, ಆದರೆ ನಿನ್ನೆಗಿಂತ ಇಂದು ವಾಸಿ. ಇದು ಹೆಚ್ಚುಕಡಿಮೆ ಖಚಿತವಾಗಿ ವೈರಸ್ಸಿನದೇ. ಎರಡನೆಯವರು ಐದನೆಯ ದಿನ ಕೆಲಸಕ್ಕೂ ಹೋಗಿದ್ದರು. ಆರನೆಯ ದಿನ ರಾತ್ರಿ ಮತ್ತೆ ಜ್ವರ ಬಂತು, ಸಿಂಬಳ ಹೆಚ್ಚಾಯಿತು, ಒಂದೇ ಬದಿಯ ಕೆನ್ನೆ ಮತ್ತು ಅದೇ ಬದಿಯ ಮೇಲ್ದವಡೆಯ ಹಲ್ಲುಗಳು ನೋಯತೊಡಗಿದವು. ಇಳಿದು ಮತ್ತೆ ಏರಿದ ಈ ನಡೆಯೇ ಬ್ಯಾಕ್ಟೀರಿಯಾದ ಕಡೆಗೆ ಬೆರಳು ತೋರುತ್ತದೆ. ನಿಮ್ಮದು ಈ ಎರಡನೆಯವರಿಗೆ ಹತ್ತಿರವಿರುವಂತೆ ಕಾಣುತ್ತದೆ.

ಇದಲ್ಲದೆ ಇನ್ನೆರಡು ಸಂದರ್ಭಗಳಲ್ಲೂ ನಾವು ಬ್ಯಾಕ್ಟೀರಿಯಾವನ್ನು ಶಂಕಿಸುತ್ತೇವೆ: ಹತ್ತು ದಿನ ಕಳೆದರೂ ಸ್ವಲ್ಪವೂ ಇಳಿಮುಖ ಕಾಣದಿದ್ದರೆ, ಇಲ್ಲವೇ ಆರಂಭದಲ್ಲೇ 102 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ಜ್ವರ, ಕೀವಿನಂಥ ಸ್ರಾವ ಅಥವಾ ಮುಖದ ನೋವಿನೊಡನೆ ಮೂರು ನಾಲ್ಕು ದಿನ ಬಿಡದೆ ಕಾಡಿದರೆ. ಎಕ್ಸ್‌ರೇ ತೆಗೆಸಿದರೆ ತಿಳಿಯುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ತಿಳಿಯುವುದಿಲ್ಲ, ವೈರಸ್ಸಿನ ನೆಗಡಿಯಲ್ಲೂ ಸೈನಸ್ಸು ತುಂಬಿದಂತೆಯೇ ಕಾಣುತ್ತದೆ.

ಬ್ಯಾಕ್ಟೀರಿಯಾ ಎಂದೇ ಅನಿಸಿದರೂ, ಆರೋಗ್ಯವಂತ ವಯಸ್ಕರಲ್ಲಿ ಜ್ವರ ಹೆಚ್ಚಿಲ್ಲದೆ ನೋವು ತಡೆಯುವಂತಿದ್ದರೆ, ವೈದ್ಯರು ಔಷಧ ಬರೆಯದೆ ಕೆಲವು ದಿನ ಕಾದು ನೋಡುವುದು ಒಪ್ಪಿತ ಕ್ರಮವೇ, ಏಕೆಂದರೆ ಅನೇಕರಿಗೆ ಅದು ತಾನಾಗಿಯೇ ಇಳಿಯುತ್ತದೆ. ಈ ಅವಧಿಯಲ್ಲಿ ಪ್ಯಾರಾಸಿಟಮಾಲ್ ಮತ್ತು ಉಪ್ಪುನೀರಿನಿಂದ ಮೂಗು ತೊಳೆಯುವುದು ನೆರವಾಗುತ್ತವೆ. ತೊಳೆಯುವ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು, ನಲ್ಲಿಯಿಂದ ನೇರವಾಗಿ ಹಿಡಿದದ್ದು ಬೇಡ. ಮೂಗುಕಟ್ಟು ಬಿಡಿಸುವ ಹನಿಗಳನ್ನು ಮೂರು ದಿನ ದಾಟಿ ಹಾಕಿಕೊಂಡರೆ ಅವುಗಳಿಂದಲೇ ಮೂಗು ಮತ್ತೆ ಕಟ್ಟಬಹುದು. ಆಂಟಿಬಯೋಟಿಕ್ ಬೇಕೆಂದು ತೀರ್ಮಾನವಾದರೆ ಸಾಮಾನ್ಯವಾಗಿ ಕೊಡುವುದು ಅಮಾಕ್ಸಿಸಿಲಿನ್, ಇಲ್ಲವೇ ಅದರೊಡನೆ ಕ್ಲಾವುಲನಿಕ್ ಆಮ್ಲ ಸೇರಿದ ಮಾತ್ರೆ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿಬಿಡಿ. ಮನೆಯಲ್ಲಿ ಉಳಿದಿರುವ ಹಳೆಯ ಮಾತ್ರೆಗಳನ್ನು ನೀವಾಗಿಯೇ ಶುರುಮಾಡಬೇಡಿ.

ನೀವು ಒಂದೆರಡು ದಿನದೊಳಗೆ ವೈದ್ಯರಿಗೆ ತೋರಿಸಿ, ಆ ಬದಿಯ ಹಲ್ಲುಗಳನ್ನೂ ಪರೀಕ್ಷಿಸಲು ಕೇಳಿಕೊಳ್ಳಿ. ಒಂದೇ ಬದಿಯ ಸ್ರಾವ ದುರ್ವಾಸನೆ ಬೀರುತ್ತಿದ್ದರೆ ಮೂಲ ಮೇಲ್ದವಡೆಯ ಹಲ್ಲಿನ ಬೇರಿನಲ್ಲಿರಬಹುದು. ಕಣ್ಣಿನ ಸುತ್ತ ಊತ ಅಥವಾ ಕೆಂಪು, ಒಂದು ವಸ್ತು ಎರಡಾಗಿ ಕಾಣುವುದು, ತಡೆಯಲಾಗದ ತಲೆನೋವು, ಕುತ್ತಿಗೆ ಬಿಗಿತ, ಮಂಕು ಇವುಗಳಲ್ಲಿ ಯಾವುದೊಂದು ಕಂಡರೂ ಮರುದಿನಕ್ಕೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ, ಏಕೆಂದರೆ ಸೋಂಕು ಕಣ್ಣಿನ ಗೂಡಿಗೋ ಮಿದುಳಿನ ಪೊರೆಗೋ ಹಬ್ಬಿರುವ ಲಕ್ಷಣಗಳವು.